ವಾರ್ಡ್ ಸಮಿತಿ ನಡಾವಳಿ: ಒಪ್ಪಿಕೊಂಡ ಮಾತು ಕಾಗದಕ್ಕೆ ಬರುವ ಬಗೆ

ಪ್ರಶ್ನೆ: ನಮ್ಮದು ಬಳ್ಳಾರಿ. ವಾರ್ಡ್ ಸಮಿತಿ ಸಭೆಯ ನಡಾವಳಿ ಬರೆಯೋ ಕೆಲಸ ನನಗೆ ಹೊಸದಾಗಿ ಬಂದಿದೆ. ಸಭೆಯಲ್ಲಿ ಜನ ಅರ್ಜಿ ಕೊಡ್ತಾರೆ, ಅಧಿಕಾರಿಗಳು ‘ಆಯ್ತು, ಮಾಡಿಸ್ತೀವಿ’ ಅಂತಾರೆ. ಮುಂದಿನ ಸಭೆಗೆ ಬಂದಾಗ ಯಾರು ಏನು ಒಪ್ಪಿಕೊಂಡಿದ್ದರು ಅನ್ನೋದೇ ಗೊತ್ತಾಗಲ್ಲ. ಎಲ್ಲಾ ಬರೆದಿದ್ರೂ ಹೀಗ್ಯಾಕೆ ಆಗ್ತದೆ? ಹೇಗೆ ಬರೀಬೇಕು?

ಉತ್ತರ: ದೋಷ ಹೆಚ್ಚಾಗಿ ಇರುವುದು ಕ್ರಿಯಾಪದದಲ್ಲಿ. ನಡಾವಳಿ ಬರೆಯಲು ಕೂತ ಕೂಡಲೇ ನಮ್ಮ ಕೈಗೆ ತಾನಾಗಿ ಬರುವ ಪದಗಳು ‘ಚರ್ಚಿಸಲಾಯಿತು’, ‘ಸೂಚಿಸಲಾಯಿತು’, ‘ಕ್ರಮ ಕೈಗೊಳ್ಳಲಾಗುವುದು’. ಮೂರೂ ಕರ್ಮಣಿ ಪ್ರಯೋಗ. ಕೆಲಸ ಮಾಡುವವರು ಯಾರು ಎಂದು ಹೇಳದೆಯೇ ವಾಕ್ಯ ಪೂರ್ತಿಯಾಗಿಬಿಡುತ್ತದೆ. ‘ಕುಡಿಯುವ ನೀರಿನ ಸಮಸ್ಯೆ ಕುರಿತು ಚರ್ಚಿಸಿ, ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು’ ಎಂಬ ಸಾಲನ್ನು ಓದಿ ನೋಡಿ. ವ್ಯಾಕರಣ ಸರಿಯಿದೆ, ಆದರೆ ಯಾವ ಬೀದಿ, ಯಾವ ತೊಂದರೆ, ಯಾರ ಕೆಲಸ, ಎಂದಿಗೆ ಎಂಬ ನಾಲ್ಕೂ ಅದರಲ್ಲಿಲ್ಲ. ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ‘ಸಂಬಂಧಪಟ್ಟವರು’ ಎಂದರೆ ಪಕ್ಕದವರು ಎಂದುಕೊಂಡು ಎದ್ದು ಹೋಗಬಹುದು. ನೀವು ಎಲ್ಲಾ ಬರೆದಿದ್ದೀರಿ ಎನ್ನುವುದು ನಿಜ. ಚರ್ಚೆಯನ್ನು ಬರೆದಿದ್ದೀರಿ, ಒಪ್ಪಿಗೆ ಮಾತ್ರ ಬಿಟ್ಟುಹೋಗಿದೆ.

‘ಮಾಡಿಸ್ತೀವಿ’ ಎಂಬ ಮಾತಿನಲ್ಲೂ ಇದೇ ತೊಡಕಿದೆ. ಅದು ‘ಮಾಡ್ತೀನಿ’ ಅಲ್ಲ. ‘-ಇಸು’ ಸೇರಿದ್ದರಿಂದ ಮಾಡುವವರು ಬೇರೆ ಯಾರೋ ಆದರು, ‘-ಈವಿ’ ಸೇರಿದ್ದರಿಂದ ಮಾಡಿಸುವವರು ಒಬ್ಬರಲ್ಲ, ಹಲವರಾದರು. ಆ ಮಾತು ಬಾಯಿಂದ ಬಂದ ಗಳಿಗೆಯಲ್ಲೇ ನೀವು ಪೆನ್ನು ನಿಲ್ಲಿಸಿ, ‘ಯಾರು ಮಾಡಿಸ್ತೀರಿ ಸರ್, ಯಾವ ತಾರೀಖು ಬರ್ಕೊಳ್ಳಲಿ?’ ಎಂದು ಕೇಳಬೇಕು. ಇದು ಅಗೌರವವಲ್ಲ. ನಡಾವಳಿ ಬರೆಯುವವರಿಗೆ ಕೇಳುವ ಅಧಿಕಾರವಿದೆ, ಕೇಳುವುದು ಅವರ ಕರ್ತವ್ಯವೂ ಹೌದು. ಸಭೆ ಮುಗಿದ ಮೇಲೆ ಫೋನಿನಲ್ಲಿ ಕೇಳಿದರೆ ಉತ್ತರ ಬೇರೆಯಾಗಿರುತ್ತದೆ, ಅದಕ್ಕೆ ಸಾಕ್ಷಿಯೂ ಇರುವುದಿಲ್ಲ.

ತಾರೀಖಿನ ಬಗ್ಗೆ ಒಂದು ಮಾತು. ನಮ್ಮ ಭಾಗದಲ್ಲಿ ‘ಎಂಟು ದಿನದಾಗ ಆಗ್ತದ್ರೀ’ ಎಂದರೆ ಹೇಳುವವರ ಮನಸ್ಸಿನಲ್ಲಿ ಒಂದು ವಾರ, ಕೇಳುವವರ ಲೆಕ್ಕದಲ್ಲಿ ಎಂಟನೇ ದಿನ, ನಡಾವಳಿ ಟೈಪಾಗಿ ಸಹಿಯಾಗಿ ಬಂದಾಗ ಎಂಟು ಕೆಲಸದ ದಿನ. ಅದೂ ಎಣಿಸುವುದು ಸಭೆಯ ದಿನದಿಂದಲೋ, ನಡಾವಳಿ ಕೈಸೇರಿದ ದಿನದಿಂದಲೋ ಎಂಬ ಇನ್ನೊಂದು ವಾದ. ಹಾಗಾಗಿ ಅವಧಿ ಬರೆಯಬೇಡಿ, ತಾರೀಖು ಬರೆಯಿರಿ. ‘ಆದಷ್ಟು ಬೇಗ’, ‘ತುರ್ತಾಗಿ’, ‘ಶೀಘ್ರದಲ್ಲೇ’ ಎಂಬ ಪದಗಳು ನಿಮ್ಮ ಕರಡಿನಲ್ಲಿ ಎಲ್ಲೇ ಕಂಡರೂ ಅಲ್ಲೊಂದು ತಾರೀಖು ತಪ್ಪಿಹೋಗಿದೆ ಎಂದೇ ತಿಳಿಯಿರಿ.

ಇನ್ನು ಅರ್ಜಿಯ ಕಡೆ ಬರೋಣ. ಅರ್ಜಿ ಸಡಿಲವಾಗಿದ್ದರೆ ಅಧಿಕಾರಿಯ ಉತ್ತರವೂ ಸಡಿಲವಾಗಿಯೇ ಬರುತ್ತದೆ. ಕೌಲ್‌ಬಜಾರ್ ಕಡೆಯ ಒಂದು ಅಡ್ಡರಸ್ತೆಯಿಂದ ‘ನಲ್ಲಿ ನೀರು ಗಬ್ಬು ವಾಸನೆ ಬರ್ತದೆ’ ಎಂಬ ಅರ್ಜಿ ಬಂತು ಎಂದಿಟ್ಟುಕೊಳ್ಳಿ. ಬಳ್ಳಾರಿಯಲ್ಲಿ 39 ವಾರ್ಡುಗಳಿವೆ, ‘ಮೂರನೇ ಕ್ರಾಸ್’ ಎಷ್ಟು ಬಡಾವಣೆಗಳಲ್ಲಿದೆಯೋ ಲೆಕ್ಕವಿಲ್ಲ. ಹಲವು ವಾರ್ಡು ನೋಡಿಕೊಳ್ಳುವ ಕಿರಿಯ ಅಭಿಯಂತರರಿಗೆ ‘ಮೂರನೇ ಕ್ರಾಸ್‌ನಲ್ಲಿ ಕಲುಷಿತ ನೀರು’ ಎಂದಷ್ಟೇ ಬರೆದುಕೊಟ್ಟರೆ ಅವರು ವಾಲ್‌ಮನ್‌ಗೆ ಫೋನು ಮಾಡುತ್ತಾರೆ, ವಾಲ್‌ಮನ್ ‘ಈಗ ಸರಿ ಬರ್ತಿದೆ ಸರ್’ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ವಾಲ್‌ಮನ್ ಸುಳ್ಳು ಹೇಳಿರಬೇಕಿಲ್ಲ. ಈ ತೊಂದರೆಯ ಸ್ವಭಾವವೇ ಹಾಗೆ, ನೋಡಲು ಹೋದ ಹೊತ್ತಿಗೆ ಮಾಯವಾಗಿರುತ್ತದೆ.

ಏಕೆಂದರೆ ನಮ್ಮಲ್ಲಿ ನೀರು ಬರುವುದು ಬಿಟ್ಟು ಬಿಟ್ಟು. ತುಂಗಭದ್ರಾ ಕಾಲುವೆಯಿಂದ ಅಲ್ಲಿಪುರ ಕೆರೆಗೆ ತುಂಬಿಸಿಕೊಂಡ ನೀರನ್ನು ಶುದ್ಧೀಕರಿಸಿ ಬಡಾವಣೆಗೊಂದು ಸರದಿಯಲ್ಲಿ ಬಿಡುತ್ತಾರೆ. ಸರದಿ ಮುಗಿದು ವಾಲ್ವ್ ಮುಚ್ಚಿದ ಮೇಲೆ ಕೊಳವೆ ಖಾಲಿಯಾಗುತ್ತದೆ, ಒಳಗೆ ಒತ್ತಡ ಇರುವುದಿಲ್ಲ. ಕೊಳವೆ ಚರಂಡಿಯ ಪಕ್ಕದಲ್ಲೋ ಅಡಿಯಲ್ಲೋ ಹಾದಿದ್ದು, ಅಲ್ಲೊಂದು ಕೂಡು ಸಡಿಲವಾಗಿದ್ದರೆ ಕೊಳಚೆ ಒಳಕ್ಕೆ ಇಳಿಯುತ್ತದೆ. ಯಾರಾದರೂ ನಲ್ಲಿಗೆ ನೇರವಾಗಿ ಮೋಟರ್ ಹಚ್ಚಿ ಎಳೆದರೆ ಕೊಳವೆ ಇನ್ನಷ್ಟು ಹೀರಿಕೊಳ್ಳುತ್ತದೆ. ಮುಂದಿನ ಸರದಿಯಲ್ಲಿ ನೀರು ಬಿಟ್ಟಾಗ ಆ ಕೊಳಚೆಯೇ ಮೊದಲು ಬರುತ್ತದೆ. ಹತ್ತು ಹದಿನೈದು ನಿಮಿಷ ಹಳದಿ ಬಣ್ಣ, ವಾಸನೆ. ಆಮೇಲೆ ಒತ್ತಡ ಏರಿ ಅದೇ ಬಿರುಕಿನಿಂದ ನೀರು ಹೊರಕ್ಕೆ ಸೋರತೊಡಗುತ್ತದೆ, ನಲ್ಲಿಯಲ್ಲಿ ತಿಳಿನೀರು ಬರುತ್ತದೆ. ಒಂದು ಗಂಟೆ ತಡವಾಗಿ ಬಂದ ಅಧಿಕಾರಿಗೆ ತಿಳಿನೀರೇ ಕಾಣುವುದು.

ಆದ್ದರಿಂದ ಅರ್ಜಿದಾರರು ಎದ್ದು ನಿಂತಾಗ ನೀವು ಮೂರು ಸಂಗತಿ ಕೇಳಿ ಬರೆದುಕೊಳ್ಳಬೇಕು. ಮೊದಲನೆಯದು, ಯಾವ ಯಾವ ಮನೆ. ‘ಎಲ್ಲಾ ಮನಿಗೂ’ ಎಂದೇ ಹೇಳುತ್ತಾರೆ, ಅದನ್ನು ಹಾಗೇ ಬರೆಯಬೇಡಿ. ವಾಲ್ವ್ ಇರುವ ತುದಿಯಿಂದ ಒಂದೊಂದೇ ಮನೆ ನೆನೆಸಿಕೊಂಡು ಹೇಳಲು ಕೇಳಿ. ಬೀದಿಯಲ್ಲಿ 22 ಮನೆಗಳಿದ್ದು, ವಾಲ್ವ್ ಕಡೆಯ 8 ಮನೆಗೆ ಸರಿಯಾದ ನೀರು, 9ರಿಂದ 22ರವರೆಗೆ ವಾಸನೆ ಎಂದಾದರೆ ತೂತು ಎಲ್ಲಿದೆ ಎಂಬುದು ಸಭೆಯಲ್ಲೇ ಅರ್ಧ ಗೊತ್ತಾಯಿತು: 8 ಮತ್ತು 9ನೇ ಮನೆಯ ಆಸುಪಾಸು. ಒಂದೇ ಮನೆಗೆ ವಾಸನೆ ಎಂದಾದರೆ ಬೀದಿಯ ಕೊಳವೆಯನ್ನು ಅಗೆಯುವುದೇ ಬೇಡ. ಚರಂಡಿ ದಾಟಿ ಆ ಮನೆಗೆ ಹೋಗಿರುವ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದಿದೆಯೇ ಎಂದು ಮೊದಲು ನೋಡಬೇಕು. ಎರಡನೆಯದು, ವಾಸನೆ ನೀರು ಬಿಟ್ಟ ಮೊದಲಿಗೆ ಮಾತ್ರವೋ, ಕೊನೆಯವರೆಗೂ ಇರುತ್ತದೋ. ಮೊದಲಿಗೆ ಮಾತ್ರ ಎಂದರೆ ನೀರು ನಿಂತಾಗ ಹೊಕ್ಕ ಕೊಳಚೆ. ಕೊನೆಯವರೆಗೂ ಇದ್ದರೆ ತೊಂದರೆ ಇನ್ನೂ ಮೇಲಿನ ಕೊಳವೆಯಲ್ಲಿರಬಹುದು, ಆಗ ಅಕ್ಕಪಕ್ಕದ ಬೀದಿಯವರನ್ನೂ ಕೇಳಬೇಕಾಗುತ್ತದೆ. ಮೂರನೆಯದು, ಎಂದಿನಿಂದ, ಮತ್ತು ಅದೇ ಹೊತ್ತಿಗೆ ಆ ಬೀದಿಯಲ್ಲಿ ಏನಾದರೂ ಅಗೆದರೇ, ಮ್ಯಾನ್‌ಹೋಲ್ ಉಕ್ಕಿತೇ. ಇಷ್ಟು ಕೇಳಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಉಳಿಸಲು ಹೋದರೆ ಮೂರು ಸಭೆ ಕಳೆದುಕೊಳ್ಳುತ್ತೀರಿ.

ಅರ್ಜಿ ಬಾಯಿಮಾತಿನಲ್ಲಿ ಬಂದರೂ ಬರವಣಿಗೆಯಲ್ಲಿ ಬಂದಷ್ಟೇ ಬೆಲೆ. ಬರೆಯಲು ಬಾರದವರು ಹೇಳಿದ್ದನ್ನು ಅಲ್ಲೇ ನಾಲ್ಕು ಸಾಲು ಬರೆದು ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಅರ್ಜಿ ವಹಿಯ ಕ್ರಮಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಹೆಸರು, ಮೊಬೈಲ್ ಸಂಖ್ಯೆ ಆ ವಹಿಯಲ್ಲಿರಲಿ. ನಡಾವಳಿಯಲ್ಲಿ ಕ್ರಮಸಂಖ್ಯೆ ಮಾತ್ರ ಸಾಕು. ನಡಾವಳಿ ಗೋಡೆಗೆ ಅಂಟಿಸುವ ಕಾಗದ, ಪಕ್ಕದವರ ಅಕ್ರಮ ನಲ್ಲಿ ಸಂಪರ್ಕದ ಬಗ್ಗೆ ದೂರು ಕೊಟ್ಟ ಹೆಣ್ಣುಮಗಳ ಫೋನ್ ನಂಬರು ಅದರಲ್ಲಿ ಇರಬಾರದು.

ಈಗ ಅಧಿಕಾರಿಯ ಒಪ್ಪಿಗೆ. ಎಲ್ಲ ಒಪ್ಪಿಗೆಯೂ ಒಂದೇ ಜಾತಿಯದಲ್ಲ. ಇದನ್ನು ಗುರುತಿಸದೆ ಎಲ್ಲಕ್ಕೂ ‘ಮುಗಿಸುವ ದಿನಾಂಕ’ ಎಂಬ ಒಂದೇ ಕಲಂ ಹಾಕಿದರೆ ಅಧಿಕಾರಿಗಳು ಯಾವ ತಾರೀಖೂ ಕೊಡದೆ ಜಾರಿಕೊಳ್ಳುತ್ತಾರೆ, ಜಾರಿಕೊಳ್ಳುವುದಕ್ಕೆ ಕಾರಣವೂ ಇರುತ್ತದೆ.

ಕೆಲವು ಕೆಲಸ ಎದುರಿಗೆ ಕೂತವರ ಕೈಯಲ್ಲೇ ಇರುತ್ತವೆ. ಸೋರಿಕೆ ಮುಚ್ಚಿಸುವುದು, ಒಳಚರಂಡಿಯ ಕಟ್ಟು ತೆಗೆಯುವ ಜೆಟ್ಟಿಂಗ್ ಯಂತ್ರ ಕಳಿಸುವುದು, ಕೆಟ್ಟ ಬೀದಿದೀಪ ಬದಲಿಸುವುದು, ಕಸದ ಗಾಡಿಯ ವೇಳೆ ಬದಲಿಸುವುದು. ಇವಕ್ಕೆ ವಾರ್ಷಿಕ ನಿರ್ವಹಣೆಯಲ್ಲಿ ಆಳು, ಸಾಮಾನು ಇರುತ್ತದೆ. ಇಲ್ಲಿ ಮುಗಿಸುವ ತಾರೀಖನ್ನೇ ಪಟ್ಟುಹಿಡಿದು ಬರೆಸಿಕೊಳ್ಳಿ.

ಇನ್ನು ಕೆಲವಕ್ಕೆ ಹಣ ಮಂಜೂರಾಗಬೇಕು. ಆ ಬೀದಿಯ ಹಳೆಯ ಕೊಳವೆ ಪೂರ್ತಿ ತೆಗೆದು ಹೊಸದು ಹಾಕಬೇಕು ಎಂದಾದರೆ ಮೊದಲು ಅಂದಾಜು ಪಟ್ಟಿ, ಅದಕ್ಕೆ ತಾಂತ್ರಿಕ ಮಂಜೂರಾತಿ, ಕ್ರಿಯಾ ಯೋಜನೆಯಲ್ಲಿ ಜಾಗ, ಬಳಿಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮದ ಪ್ರಕಾರ ಟೆಂಡರು, ಕೊನೆಗೆ ಕಾರ್ಯಾದೇಶ. ಕಿರಿಯ ಅಭಿಯಂತರರು ಇದರಲ್ಲಿ ಮೊದಲ ಮೆಟ್ಟಿಲಿನ ಮಾತನ್ನಷ್ಟೇ ಕೊಡಬಲ್ಲರು. ‘ಮೂರು ತಿಂಗಳಲ್ಲಿ ಹೊಸ ಪೈಪ್ ಹಾಕಿಸ್ತೀವಿ’ ಎಂದು ಅವರು ಉತ್ಸಾಹದಲ್ಲಿ ಹೇಳಿದರೂ ಅದನ್ನು ಹಾಗೇ ಬರೆಯಬೇಡಿ, ನಾಳೆ ಅದು ಅವರಿಗೂ ನಿಮಗೂ ಮುಳ್ಳಾಗುತ್ತದೆ. ‘ಅಂದಾಜು ಪಟ್ಟಿ ತಯಾರಿಸಿ ಜೂನ್ 25ರೊಳಗೆ ಸಹಾಯಕ ಕಾರ್ಯಪಾಲಕ ಅಭಿಯಂತರರಿಗೆ ಸಲ್ಲಿಸುತ್ತಾರೆ’ ಎಂದು ಬರೆಯಿರಿ. ಸಲ್ಲಿಸಿದ ಮೇಲೆ ಮುಂದಿನ ಮೆಟ್ಟಿಲು, ಅದಕ್ಕೊಬ್ಬ ಅಧಿಕಾರಿ, ಅದಕ್ಕೊಂದು ತಾರೀಖು. ಹೀಗೆ ಬರೆದರೆ ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದು ಪ್ರತಿ ತಿಂಗಳೂ ಗೊತ್ತಿರುತ್ತದೆ.

ಉಳಿದವು ಬೇರೆ ಇಲಾಖೆಯ ಕೆಲಸಗಳು. ರಸ್ತೆ ನಡುವಿನ ವಿದ್ಯುತ್ ಕಂಬ ಸರಿಸಬೇಕೆಂದರೆ ಜೆಸ್ಕಾಂ ಬರಬೇಕು. ಇಲ್ಲಿ ‘ಜೆಸ್ಕಾಂಗೆ ಪತ್ರ ಬರೆಯಲಾಗುವುದು’ ಎಂದರೆ ಏನೂ ಬರೆದಂತಾಗಲಿಲ್ಲ. ಪತ್ರಕ್ಕೆ ಸಹಿ ಹಾಕುವವರು ಯಾರು, ಯಾವ ದಿನ ಹೋಗುತ್ತದೆ, ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ಸಂಖ್ಯೆ ಯಾವುದು, ಮುಂದಿನ ಸಭೆಗೆ ಜೆಸ್ಕಾಂ ಶಾಖಾಧಿಕಾರಿಯನ್ನು ಕರೆಯುವವರು ಯಾರು ಎಂಬುದು ನಡಾವಳಿಯಲ್ಲಿ ಇರಬೇಕು. ಮುಂದಿನ ಸಭೆಯಲ್ಲಿ ಆ ಪತ್ರದ ಸಂಖ್ಯೆ, ದಿನಾಂಕವನ್ನು ಸೇರಿಸಿ. ಪತ್ರ ಹೋಗಿದೆಯೋ ಇಲ್ಲವೋ ಎಂಬುದಕ್ಕೆ ಅದೊಂದೇ ಆಧಾರ.

ವಾಸನೆ ನೀರಿನ ಅರ್ಜಿಗೆ ಮರಳೋಣ. ಜೂನ್ 7ರ ಸಭೆಯಲ್ಲಿ ಮೂರನೇ ವಿಷಯವಾಗಿ ಅದು ಬಂದಿದ್ದರೆ ನಡಾವಳಿಯ ಬರಹ ಹೀಗಿರಬಹುದು:

> ವಿಷಯ 6/3. ಅರ್ಜಿ ವಹಿ ಕ್ರಮಸಂಖ್ಯೆ 41.
>
> ಅಹವಾಲು: ಮೂರನೇ ಅಡ್ಡರಸ್ತೆ, ಕಿರಾಣಿ ಅಂಗಡಿ ಪಕ್ಕದ ವಾಲ್ವಿನಿಂದ ಎಣಿಸಿದರೆ 9ರಿಂದ 22ನೇ ಮನೆಯವರೆಗೆ, ನೀರು ಬಿಟ್ಟ ಮೊದಲ 15 ನಿಮಿಷ ಹಳದಿ ಬಣ್ಣದ, ಚರಂಡಿ ವಾಸನೆಯ ನೀರು ಬರುತ್ತಿದೆ. ಕಳೆದ ಮೂರು ಸರದಿಯಿಂದ ಹೀಗಿದೆ. 9ನೇ ಮನೆ ಎದುರಿನ ಮ್ಯಾನ್‌ಹೋಲ್ ಅದಕ್ಕೂ ಮುಂಚಿನಿಂದ ಉಕ್ಕುತ್ತಿದೆ.
>
> ಒಪ್ಪಿಗೆ ಅ: ಒಳಚರಂಡಿ ವಿಭಾಗದ ಕಿರಿಯ ಅಭಿಯಂತರರು ಜೂನ್ 9ರಂದು ಜೆಟ್ಟಿಂಗ್ ಯಂತ್ರದಿಂದ ಆ ಮ್ಯಾನ್‌ಹೋಲ್ ಮತ್ತು ಅದರ ಕೆಳಗಿನ ಕೊಳವೆಯ ಕಟ್ಟನ್ನು ತೆಗೆಸುತ್ತಾರೆ.
>
> ಒಪ್ಪಿಗೆ ಆ: ನೀರು ಸರಬರಾಜು ವಿಭಾಗದ ಕಿರಿಯ ಅಭಿಯಂತರರು ಜೂನ್ 10ರ ಸರದಿಯಲ್ಲಿ, ನೀರು ಬಿಟ್ಟ ಮೊದಲ 10 ನಿಮಿಷದೊಳಗೆ, 1, 8, 9 ಮತ್ತು 22ನೇ ಮನೆಯ ನಲ್ಲಿಗಳಲ್ಲಿ ಉಳಿಕೆ ಕ್ಲೋರಿನ್ ಅಳೆದು ಬರೆದು ಕೊಡುತ್ತಾರೆ. ಜೂನ್ 14ರೊಳಗೆ 8–9ನೇ ಮನೆ ನಡುವೆ ಅಗೆಸಿ, ಸೋರಿಕೆ ಮುಚ್ಚಿಸಿ, ಅಗೆದ ಜಾಗವನ್ನು ಅವರೇ ಸರಿಪಡಿಸುತ್ತಾರೆ.
>
> ಒಪ್ಪಿಗೆ ಇ: ಅದೇ ಅಭಿಯಂತರರು ಜೂನ್ 8ರಿಂದ ದುರಸ್ತಿ ಮುಗಿಯುವವರೆಗೆ ದಿನಕ್ಕೊಂದು ಟ್ಯಾಂಕರ್ ನೀರನ್ನು ಬೆಳಿಗ್ಗೆ 8ರೊಳಗೆ ಆ 14 ಮನೆಗಳಿಗೆ ಕಳಿಸುತ್ತಾರೆ.
>
> ಮುಗಿಯಿತು ಎನ್ನಲು ಗುರುತು: ದುರಸ್ತಿಯ ನಂತರ ಸತತ ಎರಡು ಸರದಿಯಲ್ಲಿ, ನೀರು ಬಿಟ್ಟ ಮೊದಲ 10 ನಿಮಿಷದಲ್ಲೇ, 22ನೇ ಮನೆಯಲ್ಲಿ ವಾಸನೆ ಇರಬಾರದು, ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು. ಅರ್ಜಿದಾರರು ಮತ್ತು ಸಮಿತಿಯ ಒಬ್ಬ ಸದಸ್ಯರು ಎದುರಿಗಿದ್ದು ಸಹಿ ಮಾಡಬೇಕು.

ಇದರಲ್ಲಿ ಕೆಲವನ್ನು ಬಿಡಿಸಿ ಹೇಳಬೇಕು. ಉಳಿಕೆ ಕ್ಲೋರಿನ್ ಎಂದರೆ ಶುದ್ಧೀಕರಿಸುವಾಗ ಹಾಕಿದ ಕ್ಲೋರಿನ್‌ನಲ್ಲಿ ನಲ್ಲಿಯವರೆಗೂ ಉಳಿದು ಬಂದದ್ದು. ಅದನ್ನು ಅಳೆಯಲು ನಾಲ್ಕು ಮನೆಗಳನ್ನು ಹೆಸರಿಸಿರುವುದು ಸುಮ್ಮನೆ ಅಲ್ಲ. ಕೊಳಚೆ ಸೇರಿದ ಕಡೆ ಕ್ಲೋರಿನ್ ಅದರೊಡನೆ ಸೆಣಸಿ ಖರ್ಚಾಗಿಬಿಡುತ್ತದೆ. 8ನೇ ಮನೆಯಲ್ಲಿ ಇದ್ದ ಕ್ಲೋರಿನ್ 9ರಲ್ಲಿ ಇಲ್ಲ ಎಂದಾದರೆ ಅಗೆಯಬೇಕಾದ ಜಾಗ ಅದೇ. ಪರೀಕ್ಷೆ ಕಷ್ಟದ್ದಲ್ಲ: ಚಿಕ್ಕ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ ಬರುವ ಬಣ್ಣವನ್ನು ಕಿಟ್ಟಿನ ಬಣ್ಣದ ಪಟ್ಟಿಗೆ ಹೋಲಿಸಿ ನೋಡುವುದು. ಆ 0.2 ಎಂಬ ಅಂಕಿ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರದು. ನಾಲ್ಕೂ ಮನೆಯಲ್ಲಿ ಕ್ಲೋರಿನ್ ಸೊನ್ನೆ ಬಂದರೆ ಲೆಕ್ಕ ಬದಲಾಗುತ್ತದೆ. ಒಂದೋ ಟ್ಯಾಂಕಿನಲ್ಲೇ ಕ್ಲೋರಿನ್ ಸಾಲುತ್ತಿಲ್ಲ, ಇಲ್ಲವೇ ಕೊಳಚೆ ಇನ್ನೂ ಮೇಲೆ ಸೇರುತ್ತಿದೆ. ಆಗ 8–9ರ ನಡುವೆ ಅಗೆಯುವ ಒಪ್ಪಿಗೆಯನ್ನು ಮುಂದಿನ ಸಭೆಯಲ್ಲಿ ಕಾರಣ ಸಮೇತ ಬದಲಿಸಬೇಕು, ಅಳಿಸಬಾರದು.

ಮ್ಯಾನ್‌ಹೋಲ್ ಕೆಲಸದಲ್ಲಿ ‘ಜೆಟ್ಟಿಂಗ್ ಯಂತ್ರದಿಂದ’ ಎಂಬ ಪದವನ್ನು ಬಿಡಲೇಬೇಡಿ. ಸಭೆಯಲ್ಲಿ ಯಾರಾದರೂ ಸಿಟ್ಟಿನಲ್ಲಿ ‘ಒಬ್ಬರನ್ನ ಇಳಿಸಿ ತೆಗೆಸ್ರೀ’ ಎನ್ನಬಹುದು, ಅಧಿಕಾರಿ ‘ಆಯ್ತು’ ಎನ್ನಲೂಬಹುದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಅಪಾಯಕರ ಶುಚಿ ಕೆಲಸ ಮಾಡಿಸುವುದನ್ನು ಅಪರಾಧ ಎನ್ನುತ್ತದೆ. ಮ್ಯಾನ್‌ಹೋಲಿನೊಳಗಿನ ಗಾಳಿ ಎರಡು ಉಸಿರಿಗೆ ಪ್ರಾಣ ತೆಗೆಯಬಲ್ಲದು. ನಿಮ್ಮ ನಡಾವಳಿಯಲ್ಲಿ ‘ಮ್ಯಾನ್‌ಹೋಲ್ ಸ್ವಚ್ಛಗೊಳಿಸಲು’ ಎಂದಷ್ಟೇ ಇದ್ದರೆ ಗುತ್ತಿಗೆಯವರು ಅಗ್ಗದ ದಾರಿ ಹಿಡಿದಾಗ ಅದು ಸಮಿತಿಯೇ ಕೊಟ್ಟ ಅನುಮತಿಯಂತೆ ಕಾಣುತ್ತದೆ.

‘ಅಗೆದ ಜಾಗವನ್ನು ಅವರೇ ಸರಿಪಡಿಸುತ್ತಾರೆ’ ಎಂಬ ತುಣುಕು ಚಿಕ್ಕದು, ಆದರೆ ವಾರ್ಡಿನಲ್ಲಿ ಅತಿ ಹೆಚ್ಚು ಅನಾಥವಾಗುವ ಕೆಲಸ ಇದೇ. ನೀರಿನವರು ಸೋರಿಕೆ ಮುಚ್ಚಿ ಹೋಗುತ್ತಾರೆ, ಗುಂಡಿ ರಸ್ತೆಯವರದು ಎನ್ನುತ್ತಾರೆ, ರಸ್ತೆಯವರು ಅಗೆದವರು ನೀವು ಎನ್ನುತ್ತಾರೆ. ಒಂದು ಮಳೆಗೆ ಮಣ್ಣು ಕುಸಿದು, ದುರಸ್ತಿ ಮಾಡಿದ ಕೊಳವೆಯ ಕೂಡು ಮತ್ತೆ ಸಡಿಲವಾಗುತ್ತದೆ. ಆಗ ಹಳೆಯ ಅರ್ಜಿ ಹೊಸ ಸಂಖ್ಯೆಯಲ್ಲಿ ವಾಪಸು ಬರುತ್ತದೆ.

‘ಗುರುತು’ ಎಂಬ ಭಾಗ ಬಹಳ ನಡಾವಳಿಗಳಲ್ಲಿ ಇರುವುದಿಲ್ಲ. ಅದಿಲ್ಲದಿದ್ದರೆ ಅಧಿಕಾರಿಗೆ ಮುಗಿದಂತೆ, ಅರ್ಜಿದಾರರಿಗೆ ಮುಗಿಯದಂತೆ ಕಾಣುತ್ತದೆ, ಇಬ್ಬರೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ. ಕೆಲಸ ಒಪ್ಪಿಕೊಳ್ಳುವ ಹೊತ್ತಿನಲ್ಲೇ, ಜಗಳ ಹುಟ್ಟುವ ಮುಂಚೆ, ಯಾವುದನ್ನು ಮುಗಿದದ್ದು ಎನ್ನೋಣ ಎಂದು ಇಬ್ಬರಿಂದಲೂ ಕೇಳಿ ಬರೆಯಿರಿ. ಬೀದಿದೀಪಕ್ಕಾದರೆ ಇಷ್ಟೆಲ್ಲ ಬೇಡ, ಕಂಬದ ಸಂಖ್ಯೆ, ‘ಸತತ ಮೂರು ರಾತ್ರಿ ಉರಿದರೆ ಮುಗಿದಂತೆ’ ಎಂದರೆ ಸಾಕು.

ಬರೆದದ್ದನ್ನು ಅಲ್ಲೇ ಓದಿ ಹೇಳುವುದು ಮುಂದಿನ ಹೆಜ್ಜೆ. ಪೂರ್ತಿ ನಡಾವಳಿ ಟೈಪ್ ಮಾಡಲು ಎರಡು ಮೂರು ದಿನ ಹಿಡಿಯಲಿ, ಅಡ್ಡಿಯಿಲ್ಲ. ಒಪ್ಪಿಗೆಗಳನ್ನು ಮಾತ್ರ ಬೇರೆ ಒಂದು ಹಾಳೆಯಲ್ಲಿ ಸಭೆ ನಡೆಯುತ್ತಿರುವಾಗಲೇ ಬರೆದುಕೊಳ್ಳುತ್ತಾ ಹೋಗಿ. ಅಧ್ಯಕ್ಷರು ಸಭೆ ಮುಗಿಸುವ ಹತ್ತು ನಿಮಿಷ ಮುಂಚೆ ಒಂದೊಂದನ್ನೂ ಗಟ್ಟಿಯಾಗಿ ಓದಿ. ಅಧಿಕಾರಿ ‘ಜೂನ್ 14 ಆಗಲ್ಲ, 18 ಹಾಕಿ’ ಎಂದರೆ ಸಂತೋಷವಾಗಿ 18 ಹಾಕಿ. ಅವರೇ ಹೇಳಿದ 18, ನೀವು ಹೇರಿದ 14ಕ್ಕಿಂತ ಗಟ್ಟಿ. ಬಳಿಕ ಆಯಾ ಸಾಲಿನ ಎದುರು ಆಯಾ ಅಧಿಕಾರಿಯ ಸಹಿ ಪಡೆಯಿರಿ. ಕೆಲವರು ‘ನಡಾವಳಿ ಬರಲಿ, ಆಮೇಲೆ ಸಹಿ ಮಾಡ್ತೀನಿ’ ಎನ್ನುತ್ತಾರೆ. ಆಗ ಜಗಳ ಬೇಡ. ‘ಓದಿ ಹೇಳಲಾಗಿದೆ, ಸಹಿ ನಡಾವಳಿಯ ನಂತರ ಎಂದಿದ್ದಾರೆ’ ಎಂದು ಅವರೆದುರೇ ಬರೆಯಿರಿ. ಇಲ್ಲಿ ಮಾತ್ರ ಕರ್ಮಣಿ ಪ್ರಯೋಗ ನಿಮಗೆ ಒದಗುತ್ತದೆ, ಓದಿದವರು ಯಾರೆಂಬುದು ಎಲ್ಲರಿಗೂ ಗೊತ್ತಲ್ಲ.

ಅಧಿಕಾರಿ ತಾವು ಬರದೆ ಸಹಾಯಕರನ್ನು ಕಳಿಸಿದ್ದರೆ ಎಚ್ಚರ ಬೇಕು. ‘ಸಾಹೇಬ್ರಿಗೆ ತಿಳಿಸ್ತೀನಿ’ ಎಂಬುದು ಒಪ್ಪಿಗೆಯಲ್ಲ. ಅದನ್ನು ಒಪ್ಪಿಗೆಯ ಕಲಂನಲ್ಲಿ ಬರೆದರೆ, ಮಾತು ಕೊಡುವ ಅಧಿಕಾರವೇ ಇಲ್ಲದ ಬಡಪಾಯಿ ಸಹಾಯಕರು ಮುಂದಿನ ಸಭೆಯಲ್ಲಿ ಬೈಸಿಕೊಳ್ಳುತ್ತಾರೆ. ‘ಅಧಿಕಾರಿ ಗೈರು. ಪ್ರತಿನಿಧಿ ವಿಷಯವನ್ನು ತಲುಪಿಸುತ್ತಾರೆ. ಅಧಿಕಾರಿಯ ಲಿಖಿತ ಉತ್ತರ ಜೂನ್ 11ರೊಳಗೆ ಬೇಕು’ ಎಂದು ಬರೆದು, ಆ ಸಾಲಿನ ಪ್ರತಿಯನ್ನು ಮಾರನೇ ದಿನವೇ ಅಧಿಕಾರಿಯ ಕಚೇರಿಗೆ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಹಾಗೆಯೇ ಒಪ್ಪಿಗೆಯಲ್ಲಿ ಅಧಿಕಾರಿಯ ಹೆಸರಿಗಿಂತ ಹುದ್ದೆ ಮುಖ್ಯ. ವರ್ಗಾವಣೆಯಾದರೆ ಹೆಸರಿನ ಜೊತೆ ಒಪ್ಪಿಗೆಯೂ ಹೋಗಿಬಿಡುತ್ತದೆ, ಹುದ್ದೆ ಬರೆದಿದ್ದರೆ ಹೊಸಬರ ತಲೆಗೆ ಬರುತ್ತದೆ. ಹೆಸರು ಹಾಜರಾತಿ ಪಟ್ಟಿಯಲ್ಲಿ ಹೇಗೂ ಇರುತ್ತದೆ.

ಮುಂದಿನ ಸಭೆಯ ಮೊದಲ ಕೆಲಸ ಹಿಂದಿನ ನಡಾವಳಿಯ ದೃಢೀಕರಣ, ಎರಡನೆಯದು ಅನುಪಾಲನಾ ವರದಿ, ಅಂದರೆ ಹಿಂದಿನ ಒಪ್ಪಿಗೆಗಳು ಏನಾದವು ಎಂಬ ಲೆಕ್ಕ. ಹೊಸ ಅರ್ಜಿ ತೆಗೆದುಕೊಳ್ಳುವುದು ಇವೆರಡೂ ಮುಗಿದ ಮೇಲೆ. ಈ ಕ್ರಮ ತಪ್ಪಿಸಿ ಅನುಪಾಲನೆಯನ್ನು ಕೊನೆಗೆ ಇಟ್ಟರೆ ಅದು ಎಂದೂ ಬರುವುದಿಲ್ಲ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಅನುಪಾಲನಾ ವರದಿಯಲ್ಲಿ ‘ಪ್ರಗತಿಯಲ್ಲಿದೆ’ ಎಂಬ ಪದವನ್ನು ಒಪ್ಪಬೇಡಿ. ಆರು ತಿಂಗಳು ಒಂದೇ ಪದದ ಅಡಿಯಲ್ಲಿ ಕೆಲಸ ಮಲಗಿರಬಹುದು. ಮುಗಿದಿದೆ, ಇಲ್ಲವೇ ಮುಗಿದಿಲ್ಲ. ಮುಗಿದಿದ್ದರೆ ಯಾವ ದಿನ, ನೋಡಿ ಸಹಿ ಮಾಡಿದವರು ಯಾರು. ಮುಗಿದಿಲ್ಲವಾದರೆ ಏಕೆ, ಮುಂದಿನ ಹೆಜ್ಜೆ ಯಾವುದು, ಅದರ ತಾರೀಖು ಯಾವುದು. ಹಳೆಯ ತಾರೀಖನ್ನು ಅಳಿಸದೆ ಅದರ ಕೆಳಗೆ ಹೊಸದನ್ನು ಬರೆಯಿರಿ.

ಮುಗಿಯದ ವಿಷಯಕ್ಕೆ ಹೊಸ ಸಂಖ್ಯೆ ಕೊಡುವ ಅಭ್ಯಾಸ ಬಹಳ ಕಡೆ ಇದೆ, ಅದು ಕೆಟ್ಟ ಅಭ್ಯಾಸ. ಜೂನ್ ಸಭೆಯ ಮೂರನೇ ವಿಷಯ ಜುಲೈಯಲ್ಲೂ, ಅಕ್ಟೋಬರ್‌ನಲ್ಲೂ 6/3 ಆಗಿಯೇ ಇರಲಿ. ಅಕ್ಟೋಬರ್ ನಡಾವಳಿ ತೆಗೆದವರಿಗೆ ಆ ‘6’ ನೋಡಿದ ಕೂಡಲೇ ಎಷ್ಟು ತಿಂಗಳಾಯಿತು ಎಂದು ತಿಳಿಯುತ್ತದೆ, ನೀವು ಯಾರನ್ನೂ ದೂರಬೇಕಿಲ್ಲ. ಅರ್ಜಿದಾರರೂ ಕೈಯಲ್ಲಿನ ಚೀಟಿ ಹಿಡಿದು ಬಂದರೆ ಹುಡುಕುವುದು ಸುಲಭ.

ದೃಢೀಕರಣದ ಹೊತ್ತಿಗೆ ತಿದ್ದುಪಡಿ ಬಂದರೆ ಬಿಳಿ ಶಾಯಿ ಹಚ್ಚಬೇಡಿ, ಹಾಳೆ ಬದಲಿಸಬೇಡಿ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಅಧ್ಯಕ್ಷರ ಚಿಕ್ಕ ಸಹಿ ಹಾಕಿಸಿ. ಅಧಿಕಾರಿ ‘ನಾನು ಹಾಗೆ ಹೇಳಿಲ್ಲ’ ಎಂದರೆ ಆ ಮಾತನ್ನೂ ಇಂದಿನ ನಡಾವಳಿಯಲ್ಲಿ ಬರೆಯಿರಿ, ಅಂದಿನದನ್ನು ತಿದ್ದಬೇಡಿ. ಸಭೆ ದೃಢೀಕರಿಸಿದ ಮೇಲೆ ಹಳೆಯ ಪುಟ ಮುಟ್ಟುವ ಅಧಿಕಾರ ಯಾರಿಗೂ ಇಲ್ಲ.

ಸಹಿಯಾದ ನಡಾವಳಿಯ ಒಂದು ಪ್ರತಿಯನ್ನು ವಾರ್ಡ್ ಕಚೇರಿಯ ಸೂಚನಾ ಫಲಕಕ್ಕೆ ಹಚ್ಚಿ. ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ಪ್ರಕಾರ ಸಾರ್ವಜನಿಕ ಪ್ರಾಧಿಕಾರ ತನ್ನ ಸಮಿತಿಗಳು ಯಾವುವು, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂಬುದನ್ನು ತಾನಾಗಿ ಪ್ರಕಟಿಸಬೇಕು. ಯಾರಾದರೂ ಅರ್ಜಿ ಹಾಕಿ ನಡಾವಳಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕಾದ ಹೊಣೆಯೂ ಇದೆ. ಹಾಗಾಗಿ ಫಲಕಕ್ಕೆ ಹಚ್ಚಿದರೆ ನಿಮ್ಮ ಕೆಲಸವೇ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಹಚ್ಚಿ. ನಮ್ಮ ಬಿಸಿಲಿಗೆ ಇಂಕ್‌ಜೆಟ್ ಮುದ್ರಣ ಬೇಗ ಮಾಸುತ್ತದೆ, ಜೆರಾಕ್ಸ್ ಪ್ರತಿ ತಾಳುತ್ತದೆ. ಒಪ್ಪಿಗೆಗಳ ಸಹಿ ಹಾಳೆಯನ್ನು ಅದರ ಪಕ್ಕದಲ್ಲೇ, ಅಕ್ಷರ ದೊಡ್ಡದು ಮಾಡಿ ಹಚ್ಚಿ. ಮೂರನೇ ಅಡ್ಡರಸ್ತೆಯವರು ಓದಲು ಬರುವುದು ಆ ಹಾಳೆಯನ್ನೇ.